ಪಟ್ಟಿಗೆ ಸೇರಿದ ಕೆಪಾಸಿಟರ್

ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಕಳೆದ ಆ ಮನುಷ್ಯನನ್ನು ಎಲ್ಲರೂ ಸೋಲ್ಡರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಪಾಠ ಮಾಡುವ ಮೇಷ್ಟ್ರಲ್ಲ. ಮೀಟರು, ತಂತಿ, ಸೋಲ್ಡರಿಂಗ್ ಕಡ್ಡಿಗಳನ್ನು ನೋಡಿಕೊಳ್ಳುವವರು. ಆದರೂ ಯಾವ ಸರ್ಕ್ಯೂಟನ್ನಾದರೂ ಕಣ್ಣು ಮುಚ್ಚಿ ಬರೆಯಬಲ್ಲೆ ಎಂಬ ಜಂಬ ಅವರಿಗಿತ್ತು. ಮನೆಯಲ್ಲೂ ಅದನ್ನೇ ಕೊಚ್ಚಿಕೊಳ್ಳುತ್ತಿದ್ದರು. ಹೆಂಡತಿ ಮಾತ್ರ, ಕಣ್ಣು ಮುಚ್ಚಿ ಮಾಡುವ ಕೆಲಸದಲ್ಲಿ ಉಪ್ಪು ಎರಡು ಸಲ ಬೀಳುತ್ತದೆ ಎಂದು ಛೇಡಿಸುತ್ತಿದ್ದಳು.

ಎರಡನೇ ವರ್ಷಕ್ಕೆ ಕಣ್ಣು ಕಾಣದ ಒಬ್ಬ ಹುಡುಗಿ ಬಂದಳು. ಬರೆದದ್ದನ್ನು ಫೋನು ಓದಿ ಹೇಳುತ್ತಿತ್ತು, ಆದರೆ ಚಿತ್ರಕ್ಕೆ ಬಂದರೆ ಅದಕ್ಕೂ ಬಾಯಿ ಕಟ್ಟುತ್ತಿತ್ತು. ಪಾಠ ಮಾಡುವ ಮೇಡಂ ಕೈಯಲ್ಲಿ ಬರೆದ ನೋಟ್ಸಿನಲ್ಲಿ ಮೂವತ್ತೊಂದು ಚಿತ್ರಗಳಿದ್ದವು. ಅವನ್ನೆಲ್ಲ ಫೋನು ಓದುವಂತೆ ಪಟ್ಟಿಯಾಗಿ ಬರೆದುಕೊಡುವ ಕೆಲಸವನ್ನು ಮೇಷ್ಟ್ರು ತಾವಾಗಿಯೇ ಮೈಮೇಲೆ ಹಾಕಿಕೊಂಡರು.

ಕ್ರಮ ಸರಳವಾಗಿತ್ತು. ಒಂದು ಸಾಲಿಗೆ ಒಂದು ಬಿಡಿಭಾಗ: ಅದರ ಹೆಸರು, ಅಳತೆ, ಒಂದು ಕಾಲು ಎಲ್ಲಿಗೆ, ಇನ್ನೊಂದು ಎಲ್ಲಿಗೆ. ‘ಆರ್ ಒಂದು, ನಲವತ್ತೇಳು ಕಿಲೋ ಓಮ್, ಹನ್ನೆರಡು ವೋಲ್ಟಿನಿಂದ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ.’ ಎರಡು ಗೆರೆ ಹಾಯುವಲ್ಲಿ ಚುಕ್ಕೆ ಇದ್ದರೆ ಕೂಡಿದೆ, ಇಲ್ಲದಿದ್ದರೆ ಬರೀ ದಾಟಿದೆ ಎಂದು ಬರೆಯಬೇಕು. ಬ್ಲಾಕ್ ಚಿತ್ರವಾದರೆ ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಗೆ ಬಾಣ ಎಂಬುದೇ ಮುಖ್ಯ. ಹುಡುಗಿ ಪಟ್ಟಿ ಕೇಳುತ್ತ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತಿದ್ದಳು. ಅದನ್ನು ನೋಡಿ ಮೇಷ್ಟ್ರ ಎದೆ ತುಂಬಿ ಬರುತ್ತಿತ್ತು.

ಮೌಖಿಕ ಪರೀಕ್ಷೆಯ ದಿನ ಮೇಡಂ ಅವಳನ್ನು ಕೇಳಿದ್ದು ಹದಿನಾಲ್ಕನೇ ಚಿತ್ರ, ಒಂದು ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್. ಇದರ ವರ್ಧನೆ ಎಷ್ಟು, ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ? ಹುಡುಗಿ ತಡವರಿಸದೆ, ಎಮಿಟರ್ ಕಾಲಿನ ರೆಸಿಸ್ಟರಿಗೆ ಅಡ್ಡಲಾಗಿ ಕೆಪಾಸಿಟರ್ ಇರುವುದರಿಂದ ಇನ್ನೂರು ದಾಟುತ್ತದೆ ಎಂದಳು. ಮೇಡಂ ಹುಬ್ಬು ಗಂಟಿಕ್ಕಿದರು. ಆ ಚಿತ್ರದಲ್ಲಿ ಅವರು ಕೆಪಾಸಿಟರನ್ನು ಬೇಕೆಂದೇ ಬಿಟ್ಟಿದ್ದರು. ಅದಿಲ್ಲದಿದ್ದರೆ ವರ್ಧನೆ ಐದನ್ನೂ ಮುಟ್ಟುವುದಿಲ್ಲ; ಅದೇ ಆ ಚಿತ್ರದ ಪಾಠ. ಪಟ್ಟಿಯಲ್ಲಿ ಇದೆ ಮೇಡಂ ಎಂದಳು ಹುಡುಗಿ. ಮೇಡಂ ಲ್ಯಾಬಿನ ಮೂಲೆಯಲ್ಲಿ ಮೀಟರು ಜೋಡಿಸುತ್ತಿದ್ದ ಮೇಷ್ಟ್ರ ಕಡೆ ತಿರುಗಿದರು.

“ನೀವು ಏನು ಬರ್ದು ಕೊಟ್ಟಿದ್ರಿ?”

ಇಪ್ಪತ್ತು ಮಕ್ಕಳು ಅವರನ್ನೇ ನೋಡುತ್ತಿದ್ದರು. ಮೇಷ್ಟ್ರಿಗೆ ಆ ಕ್ಷಣವೇ ಹೊಳೆದಿತ್ತು: ಎಲ್ಲ ಪುಸ್ತಕದಲ್ಲೂ ಅಲ್ಲಿ ಕೆಪಾಸಿಟರ್ ಇರುತ್ತದೆ, ಕೈ ಅಭ್ಯಾಸಕ್ಕೆ ಅದನ್ನು ಬರೆದುಬಿಟ್ಟಿದೆ. ಆದರೆ ಬಾಯಿಂದ ಬಂದದ್ದು ಬೇರೆ.

“ನೋಟ್ಸಲ್ಲಿ ಇದ್ದಂಗೇ ಕೊಟ್ಟಿದೀನಿ ಮೇಡಂ.”

ಪರೀಕ್ಷೆಗೆಂದು ಫೋನು ಹೊರಗಿಟ್ಟು ಬಂದಿದ್ದ ಹುಡುಗಿ, ಬೇರೆ ಯಾವುದೋ ಪಟ್ಟಿಯ ಜೊತೆ ತಾನೇ ಕಲಸಿಕೊಂಡಿರಬೇಕು ಎಂದು ಮೇಡಂ ಹತ್ತಿರ ಕ್ಷಮೆ ಕೇಳಿದಳು. ಮೇಡಂ ಸೊನ್ನೆ ಹಾಕಿದರು. ಹೋಗುವಾಗ ಅವಳು ಮೇಷ್ಟ್ರ ಮೇಜಿನ ಹತ್ತಿರ ನಿಂತು, ನಿಮ್ಮ ಹೆಸರು ಎಳೆದದ್ದು ತಪ್ಪಾಯಿತು ಸರ್ ಎಂದಳು. ಮೇಷ್ಟ್ರು ಮೀಟರಿನ ಮುಳ್ಳು ನೋಡುತ್ತ ಹೂಂ ಎಂದರು. ಅಷ್ಟು ನೀಚತನ ತಮ್ಮೊಳಗಿದೆ ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಊಟ ಸೇರಲಿಲ್ಲ. ನೋಟ್ಸನ್ನೂ ಪಟ್ಟಿಗಳನ್ನೂ ಹರಡಿಕೊಂಡು ಕೂತರು. ಹದಿನಾಲ್ಕರಲ್ಲಿ ಎಮಿಟರಿನಿಂದ ಗ್ರೌಂಡಿಗೆ ಇದ್ದದ್ದು ಬರೀ ಒಂದು ಕಿಲೋ ಓಮಿನ ರೆಸಿಸ್ಟರ್. ಹೆಂಡತಿ ಏನಾಯಿತು ಎಂದು ಕೇಳಿದಾಗ ಹೇಳಿಬಿಟ್ಟರು. ಅವಳು ಛೇಡಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ; ಇವರದು ಅಡಿಕೆಗಿಂತಲೂ ಚಿಕ್ಕ ಕೆಪಾಸಿಟರಿಗೆ ಹೋಗಿತ್ತು.

ಮರುದಿನ ತರಗತಿ ತುಂಬಿದ ಮೇಲೆ ಮೇಷ್ಟ್ರು ಎದುರು ನಿಂತು ಹೇಳಿದರು. ಪಟ್ಟಿ ತಪ್ಪು, ತಪ್ಪು ತನ್ನದು, ನಿನ್ನೆ ಹೇಳಿದ್ದು ಸುಳ್ಳು. ಕಿವಿ ಸುಡುತ್ತಿತ್ತು, ತಲೆ ಎತ್ತಲಾಗಲಿಲ್ಲ. ಮೇಡಂ ಸೊನ್ನೆ ಹೊಡೆದು ಹಾಕಿ, ಹುಡುಗಿಯ ಲೆಕ್ಕ ಪಟ್ಟಿಗೆ ಸರಿಯಾಗಿದೆ ಎಂದು ಪೂರ್ತಿ ಅಂಕ ಕೊಟ್ಟರು. ಇನ್ನು ಮುಗಿಯಿತು ಎಂದು ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಹುಡುಗಿ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಸರ್, ಉಳಿದ ಮೂವತ್ತರಲ್ಲಿ ಯಾವ್ಯಾವ್ದು ಚಿತ್ರ ನೋಡಿ ಬರ್ದಿದ್ದು?”

ಮೇಷ್ಟ್ರು ನೆನಪು ಮಾಡಿಕೊಳ್ಳಲು ನೋಡಿದರು. ಒಂದೂ ನೆನಪಾಗಲಿಲ್ಲ.

“ಗೊತ್ತಿಲ್ಲಮ್ಮ,” ಎಂದರು.

ಹುಡುಗಿ ತಲೆಯಾಡಿಸಿ ಕುಳಿತಳು. ಫೋನು ತೆಗೆದು ಪಟ್ಟಿಗಳನ್ನು ಒಂದೊಂದಾಗಿ ಅಳಿಸತೊಡಗಿದಳು; ಪ್ರತಿಯೊಂದರ ಹೆಸರನ್ನೂ ಫೋನು ಗಟ್ಟಿಯಾಗಿ ಓದುತ್ತಿತ್ತು. ಮೂವತ್ತೊಂದೂ ಮುಗಿಯುವವರೆಗೆ ಮೇಷ್ಟ್ರು ಅಲ್ಲೇ ನಿಂತು ಕೇಳಿಸಿಕೊಂಡರು.