ಟೋನರ್, ಎಸೆನ್ಸ್, ಮಿಸ್ಟ್: ಮೂರೂ ಬೇಕು ಅಂದವಳು ನಾನೇ

ಚಾಮರಾಜನಗರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ಫ್ಯಾನು, ಬಾಗಿಲಿಗೆ ಹಸಿರು ಪರದೆ. ಹುಬ್ಬು ತಿದ್ದುವುದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸುವವರಿಲ್ಲ, ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿ. ಆದರೆ ಬಾಟಲಿಗಳ ವಿಷಯಕ್ಕೆ ಬಂದರೆ ಆಗ ನನ್ನ ಜ್ಞಾನ ಅಷ್ಟಕ್ಕಷ್ಟೆ. ಮೈಸೂರಿನಲ್ಲಿ ಮೂರು ತಿಂಗಳು ಕೋರ್ಸ್ ಮಾಡಿದ್ದೆ, ನಿಜ. ಟೋನರ್ ಪಾಠದ ದಿನ ಬಸ್ಸು ಕೆಟ್ಟು ನಂಜನಗೂಡಿನಲ್ಲೇ ಕೂತಿದ್ದೆ.

ಹರದನಹಳ್ಳಿಯ ಹುಡುಗಿಯೊಬ್ಬಳು ಪ್ರತಿ ತಿಂಗಳು ಹುಬ್ಬಿಗೆ ಬರುತ್ತಿದ್ದಳು. ಗುಂಡ್ಲುಪೇಟೆಯ ಒಂದು ಆಫೀಸಿನಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಮದುವೆ ಗೊತ್ತಾದ ಖುಷಿಯಲ್ಲಿ ಬಂದು ಕೂತು, "ಅಕ್ಕ, ಮುಖಕ್ಕೆ ಏನಾದ್ರೂ ಒಳ್ಳೇದು ಕೊಡಿ" ಅಂದಳು. ಅದೇ ವಾರ ಕ್ರೀಮ್ ಕಂಪನಿಯ ಏಜೆಂಟ್ ಬಂದು ನನ್ನ ತಲೆಗೆ ಒಂದು ಪೆಟ್ಟಿಗೆ ಕಟ್ಟಿ ಹೋಗಿದ್ದ. ಟೋನರ್, ಎಸೆನ್ಸ್, ಮಿಸ್ಟ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ.

"ಮೂರಕ್ಕೂ ಏನಕ್ಕ ವ್ಯತ್ಯಾಸ?" ಅಂತ ಕೇಳಿದಳು.

ಗೊತ್ತಿದ್ದರೆ ತಾನೆ ಹೇಳೋದು! "ಒಂದಾದ್ ಮೇಲೆ ಒಂದು ಹಾಕೋದು ಕಣಮ್ಮಿ. ಮೂರೂ ನೀರ್ನಂಗೇ ಇರ್ತವೆ, ಮದುವೆ ಹೆಣ್ಣಿಗೆ ಮೂರೂ ಬೇಕು" ಅಂದುಬಿಟ್ಟೆ. ಪಾಪ, ನಂಬಿ ಒಯ್ದಳು.

ಮದುವೆಗೆ ಹನ್ನೆರಡು ದಿನ ಇರುವಾಗ ಹಸಿರು ಪರದೆ ಕಿತ್ತು ಬರುವ ಹಾಗೆ ಸರಿಯಿತು. ಮುಂದೆ ಅವಳ ಸೋದರತ್ತೆ, ಹಿಂದೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡ ಹುಡುಗಿ. ಈ ಸೋದರತ್ತೆ ಅವರ ಮನೆಯ ಯಜಮಾನಿ, ಹೊಲದಲ್ಲಿ ಅರಿಶಿನ ಬೆಳೆಸುವಾಕೆ, ಆಕೆ ದನಿ ಎತ್ತಿದರೆ ಪಕ್ಕದ ಟೈಲರ್ ಮೆಷಿನ್ ನಿಲ್ಲಿಸುತ್ತಾನೆ.

"ನೋಡಮ್ಮಿ, ನೀನ್ ಮಾಡಿರೋ ಘನಂದಾರಿ ಕೆಲ್ಸಾನ!" ಅಂತ ದುಪಟ್ಟಾ ಎಳೆದರು. ಅಯ್ಯೋ ದೇವರೇ! ಎರಡೂ ಕೆನ್ನೆ ಕೆಂಪಗೆ, ಮೂಗಿನ ಪಕ್ಕ ಸಿಪ್ಪೆ ಎದ್ದಿದೆ, ನೀರು ಸೋಕಿದರೂ ಉರಿ. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು.

ವಿಚಾರಿಸಿದರೆ ಕಥೆ ಹೊರಗೆ ಬಂತು. ಮಿಸ್ಟ್ ಬಾಟಲಿ ಮನೆಗೆ ಹೋದ ನಾಲ್ಕೇ ದಿನಕ್ಕೆ ಖಾಲಿ. ಹೊಲದಿಂದ ಬಂದ ಅಪ್ಪ ಒಂದು ಸಲ ಪುಸ್, ಒಲೆ ಮುಂದಿನಿಂದ ಎದ್ದ ಅಮ್ಮ ಒಂದು ಸಲ ಪುಸ್, ಬಂದ ನೆಂಟರಿಗೆಲ್ಲ ಪುಸ್ ಪುಸ್. ನಮ್ಮ ಕಡೆ ಖಾಲಿ ಬಾಟಲಿ ಎಸೆಯುವುದುಂಟೇ? ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಶಾಂಪೂ ಡಬ್ಬಿಯಲ್ಲಿ ಎಣ್ಣೆ ತುಂಬುವ ಕೈ ಸೋದರತ್ತೆಯದು. ಸ್ಪ್ರೇ ಬಾಟಲಿ ಸುಮ್ಮನೆ ಇರಬಾರದೆಂದು ಟೋನರನ್ನು ಅದಕ್ಕೆ ಬಗ್ಗಿಸಿದ್ದಾರೆ. ಹುಡುಗಿ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಗುಂಡ್ಲುಪೇಟೆ ಬಸ್ಸಿನ ಕಿಟಕಿ ಬಿಸಿಲಲ್ಲಿ, ಆಫೀಸಿನ ಫೈಲುಗಳ ಮಧ್ಯೆ, ಸೆಕೆ ಅನಿಸಿದಾಗಲೆಲ್ಲ ಮುಖಕ್ಕೆ ಹೊಡೆದುಕೊಂಡಿದ್ದಾಳೆ. ಸಾಯಂಕಾಲ ಮನೆಗೆ ಬಂದರೆ ಕಡಲೆಹಿಟ್ಟು, ಅರಿಶಿನ ಹಾಕಿ ಗಸಗಸ ಉಜ್ಜು.

ನನಗೆ ಜೀವ ಬಂದಂತಾಯಿತು. ತಪ್ಪು ನನ್ನದಲ್ಲ! "ಅಲ್ಲಾ ಕಣವ್ವ, ಅದುನ್ನ ಇದುಕ್ಕೆ ಯಾಕ್ ಉಯ್ದ್ರಿ?" ಅಂತ ನಾನೂ ದನಿ ಏರಿಸಿದೆ.

"ಮೂರೂ ನೀರ್ನಂಗೇ ಅಂತ ಯೋಳ್ದೋರ್ ಯಾರು? ನೀರ್ನ ನೀರ್ಗೆ ಉಯ್ದೆ ಕಣ!"

ಮೈಸೂರಿನ ಕೋರ್ಸಿನ ನಮ್ಮ ಟೀಚರಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಟೋನರ್ ಬಾಟಲಿ ಹಿಂದಿನ ಇರುವೆ ಅಕ್ಷರ ಓದು ಅಂದರು, ಪೆಟ್ಟಿಗೆಯಲ್ಲಿ ಮಿಕ್ಕಿದ್ದ ಒಂದನ್ನು ತೆಗೆದು ಓದಿದೆ. ಗ್ಲೈಕಾಲಿಕ್ ಆಸಿಡ್ ಅನ್ನುವಷ್ಟರಲ್ಲಿ ಆ ಕಡೆಯಿಂದ ಮಂಗಳಾರತಿ ಶುರುವಾಯಿತು.

"ಟೋನರ್ ಎಲ್ಲಾ ಒಂದೇ ಅಲ್ಲಮ್ಮ. ಕೆಲವು ಮುಖ ತೊಳೆದ ಮೇಲೆ ತೇವ ಕೊಡೋವು. ಇದು ಸತ್ತ ಚರ್ಮ ಎಬ್ಬಿಸೋದು, ವಾರಕ್ಕೆ ಒಂದೆರಡು ರಾತ್ರಿ ಸಾಕು, ಮಾರನೇ ದಿನ ಸನ್‌ಸ್ಕ್ರೀನ್ ಬೇಕೇ ಬೇಕು. ಅದನ್ನ ಬಿಸಿಲಲ್ಲಿ ದಿನಕ್ಕೆ ಹತ್ತು ಸಲ ಹೊಡೆದು, ಮೇಲೆ ಹಿಟ್ಟು ಹಾಕಿ ಉಜ್ಜಿದರೆ ಚರ್ಮ ಉಳಿಯುತ್ತಾ? ಎಸೆನ್ಸ್ ಅಂದರೆ ತೆಳ್ಳಗಿನ ತೇವದ ನೀರು, ಕೈಯಲ್ಲಿ ತಟ್ಟಿ ಮೇಲೆ ಕ್ರೀಮ್ ಹಚ್ಚಬೇಕು. ಒಣ ಚರ್ಮದವರಿಗೆ ಹಿತ, ಎಣ್ಣೆ ಮುಖದವರಿಗೆ ಹೆಚ್ಚಾಗಿ ಬೇಡವೇ ಬೇಡ. ಮಿಸ್ಟ್ ಅಂದರೆ ಬರೀ ತಂಪು. ಕ್ರೀಮ್ ಇಲ್ಲದ ಒಣ ಮುಖಕ್ಕೆ ಹೊಡೆದರೆ ಆರಿ, ಇನ್ನಷ್ಟು ಬಿಗಿಯುತ್ತೆ. ಹುಡುಗಿ ಮುಖ ಯಾವ ಥರ?"

"ಎಣ್ಣೆ ಮುಖ" ಅಂದೆ, ಮೆಲ್ಲಗೆ.

"ಹಂಗಾದರೆ ಈ ಮೂರೂ ಯಾಕೆ ಕೊಟ್ಟೆ?"

ಸ್ಪೀಕರ್ ಆಫ್ ಮಾಡಿದೆ. ಆದರೆ ಸೋದರತ್ತೆಯ ಕಿವಿ ಚುರುಕು.

ಮಿಕ್ಕ ಸಲಹೆ ಸರಳ. ಎಲ್ಲ ನಿಲ್ಲಿಸಿ, ಮೆತ್ತಗಿನ ಫೇಸ್‌ವಾಶ್, ವಾಸನೆಯಿಲ್ಲದ ಕ್ರೀಮು, ಸನ್‌ಸ್ಕ್ರೀನ್. ಮೂರು ದಿನದಲ್ಲಿ ಉರಿ ಇಳಿಯದಿದ್ದರೆ ಚರ್ಮದ ಡಾಕ್ಟರು. ಚರ್ಮ ಪೂರ್ತಿ ಮಾಯುವವರೆಗೆ ಮುಖಕ್ಕೆ ಅರಿಶಿನ ಕೂಡದು. ಈ ಕೊನೆಯದನ್ನು ಅರಿಶಿನ ಬೆಳೆಯುವವರ ಮುಂದೆ ಹೇಳುವ ಭಾಗ್ಯ ನನ್ನದಾಯಿತು.

"ಅರ್ಸ್ನ ಹಚ್ದೆ ಮದ್ವೆನಾ? ನಮ್ ಹೊಲದ್ ಅರ್ಸ್ನ ಊರ್ನೋರ್ ಮಕಕ್ಕೆಲ್ಲಾ ಬೇಕು, ನಮ್ ಹೆಣ್ಗೆ ಬ್ಯಾಡ್ವಾ?" ಅಂತ ಆಕೆ ಎದ್ದೇ ನಿಂತರು. ನಾನು ಕೈ ಮುಗಿದೆ. ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಅತ್ತೆ, ಉರೀತದೆ" ಅಂದಳು, ಅಷ್ಟೇ. ಆಕೆ ಪಟ್ಟಂತ ಕೂತರು.

ಆ ಹನ್ನೆರಡು ದಿನ ನಾನು ನೆಟ್ಟಗೆ ಊಟ ಮಾಡಲಿಲ್ಲ. ದಿನಾ ಬೆಳಗ್ಗೆ ಹುಡುಗಿ ಫೋಟೋ ಕಳಿಸುವಳು, ನಾನು ಕೆನ್ನೆಯನ್ನು ದೊಡ್ಡದು ಮಾಡಿ ನೋಡುವೆ. ಎರಡನೇ ದಿನ ಉರಿ ಇಳಿಯಿತು, ಐದನೇ ದಿನ ಸಿಪ್ಪೆ ನಿಂತಿತು. ಅರಿಶಿನ ಶಾಸ್ತ್ರದ ದಿನ ಸೋದರತ್ತೆ ಮಣೆ ಪಕ್ಕದಲ್ಲೇ ಕಾವಲು ನಿಂತರು. ಕೈಗೆ ಹಚ್ಚಿ, ಕಾಲಿಗೆ ಹಚ್ಚಿ, ಬೇಕಾದಷ್ಟು ಬಳೀರಿ, ಗದ್ದದಿಂದ ಮೇಲೆ ಯಾರ ಕೈಯೂ ಹೋಗಕೂಡದು. ಹುಡುಗನ ಕಡೆಯ ಅಜ್ಜಿಯೊಬ್ಬರು ಕೈ ಎತ್ತಿದ್ದಕ್ಕೆ, "ಅಜ್ಜಿ, ಮಕಕ್ಕೆ ಆಸಿಡ್ ಬಿದ್ದದೆ" ಅಂದುಬಿಟ್ಟರು! ಅರ್ಧ ಗಂಟೆ ಮನೆಯೆಲ್ಲ ಗದ್ದಲ. ಅದು ಟೋನರ್ ಎಂದು ಎಲ್ಲರಿಗೂ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಗಂಟಲು ಒಣಗಿತು.

ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ. ಅಲಂಕಾರ ನನ್ನದೇ, ಕಾಸು ಬೇಡ ಎಂದಿದ್ದೆ. ಕಿಟಕಿ ಬೆಳಕಿಗೆ ಅವಳ ಮುಖ ತಿರುಗಿಸಿ ನೋಡಿದೆ. ಚರ್ಮ ನುಣುಪಾಗಿತ್ತು, ಕೆಂಪು ಇರಲಿಲ್ಲ. ಸಮಾಧಾನಕ್ಕೆ ನನಗೇ ಅಳು ಬಂತು.

"ಅಕ್ಕ, ನಿಜ ಹೇಳಿ. ಆ ಮೂರರಲ್ಲಿ ನಂಗೆ ಯಾವುದು ಬೇಕಾಗಿತ್ತು?" ಅಂತ ಕೇಳಿದಳು.

"ಯಾವುದೂ ಬೇಕಾಗಿರಲಿಲ್ಲ ಕಣಮ್ಮಿ."

"ಅವತ್ತೇ ಅಂದಿದ್ರೆ?"

"ಬರೀ ಹುಬ್ಬಿಗೆ ಬಂದು ಹೋಗ್ತೀಯ, ಇವಳಿಗೇನೂ ಗೊತ್ತಿಲ್ಲ ಅಂತ ಬೇರೆ ಕಡೆ ಹೋಗಿಬಿಡ್ತೀಯ ಅನ್ನೋ ಭಯ ಆಯ್ತು."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ಹರದನಹಳ್ಳಿಲೂ ಹುಬ್ಬು ಮಾಡೋರಿದ್ದಾರೆ ಅಕ್ಕ. ನಾನು ತಿಂಗಳಿಗೊಂದ್ಸಲ ನಿಮ್ ಹತ್ರ ಮಾತಾಡಕ್ಕೆ ಬರ್ತಿದ್ದೆ" ಅಂದಳು.

ಹೊರಗೆ ಸೋದರತ್ತೆ ಮುಹೂರ್ತ ಮೀರುತ್ತದೆಂದು ಬಾಗಿಲು ಬಡಿಯುತ್ತಿದ್ದರು. ನಾನು ಕಾಡಿಗೆ ಹಿಡಿದು ನಿಂತಿದ್ದೆ. ಅವಳ ಕಣ್ಣಿಗೆ ಎಳೆದ ಗೆರೆಯನ್ನು ಎರಡು ಸಲ ಒರೆಸಿ ಮತ್ತೆ ಬರೆಯಬೇಕಾಯಿತು.