ಪಕ್ಕದವಳ ಸಾಲು

ಶಿವಕುಮಾರಿ ಸುಮ್ಮನೆ ಕೂತದ್ದನ್ನು ಜೋಗೇಶ್ವರಿಯ ಆ ಚಾಳಿನಲ್ಲಿ ಯಾರೂ ಕಂಡವರಿಲ್ಲ. ಆದರೂ ಆ ಶನಿವಾರ ಮಧ್ಯಾಹ್ನದ ಅವಳ ಚಡಪಡಿಕೆ ಅವಳ ಲೆಕ್ಕಕ್ಕೂ ಸ್ವಲ್ಪ ಅತಿಯಾಗಿಯೇ ಇತ್ತು. ಬಾಲವಾಡಿಯ ಕೋಣೆಯಲ್ಲಿ ಚಾಪೆ ಹಾಸಿದಳು. ಬೆಳಕು ಸಾಲದೆಂದು ಎತ್ತಿ ಕಿಟಕಿಯ ಹತ್ತಿರ ಹಾಸಿದಳು. ಮೊಬೈಲಿನ ಚಾರ್ಜ್ ನೋಡಿದಳು, ಬಾಗಿಲಿಗೆ ಹೋಗಿ ಗಲ್ಲಿ ನೋಡಿದಳು, ಬಂದು ಮತ್ತೆ ಚಾರ್ಜ್ ನೋಡಿದಳು. ಅಷ್ಟರಲ್ಲಿ ಅದು ಇಳಿದು ಹೋಗುವಂಥದ್ದೇನೂ ಇರಲಿಲ್ಲ.

ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುವಿ ಅಂಟಿಸಿದ್ದಳು. ಅದರ ಮೇಲೆ ಅವತ್ತಿನ ತರಬೇತಿಯ ಯೋಜನೆ ಇತ್ತು. ಮೊದಲು ಬಚತ್ ಗಟ್ಟಿನ, ಅಂದರೆ ಹೆಂಗಸರ ಉಳಿತಾಯ ಸಂಘದ, ಲೆಕ್ಕದ ವಹಿಯ ಫೋಟೋ ತೆಗೆಯುವುದು: ನೆರಳು ಬೀಳಬಾರದು, ಪುಟದ ನಾಲ್ಕೂ ಮೂಲೆ ಕಾಣಬೇಕು, ಕೈ ಅಲುಗಬಾರದು. ಫೋಟೋಗೆ ತಿಂಗಳು ಮತ್ತು ಪುಟದ ಸಂಖ್ಯೆ ಹಾಕಿ ಹೆಸರು ಕೊಡುವುದು. ಆಮೇಲೆ ಆ ಫೋಟೋ ನೋಡಿಕೊಂಡು ಟ್ಯಾಬಿನ ಶೀಟು ತುಂಬುವುದು. ಕೊನೆಗೆ ಶೀಟಿನ ಮೊತ್ತವನ್ನು ವಹಿಯ ಮೊತ್ತದೊಂದಿಗೆ ತಾಳೆ ನೋಡುವುದು. ಹಾಳೆಯ ಬುಡದಲ್ಲಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ, ಎರಡೆರಡು ಗೆರೆ ಎಳೆದು ಬರೆದಿದ್ದಳು: ಫೋಟೋದಲ್ಲಿ ಇದ್ದದ್ದನ್ನೇ ಬರೆಯಬೇಕು.

ಕಳೆದ ಮಳೆಗಾಲದಲ್ಲಿ ನೀರು ನುಗ್ಗಿ ಒಂದು ಗಟ್ಟಿನ ವಹಿ ಅಂಬಲಿಯಾಗಿ ಹೋದಮೇಲೆ, ಎಲ್ಲ ಗಟ್ಟುಗಳ ವಹಿಗಳನ್ನೂ ಹೀಗೆ ಉಳಿಸಬೇಕೆಂದು ಅವುಗಳನ್ನು ನೋಡಿಕೊಳ್ಳುವ ಸಂಸ್ಥೆಯವರು ಹೊರಟಿದ್ದರು. ಕನ್ನಡದ ಹೆಂಗಸರ ಗಟ್ಟುಗಳಿಗೆ ಕಲಿಸಲು ಒಬ್ಬಳು ಬೇಕಾಗಿದ್ದಳು. ಪವಾಯಿಯ ಮೂರು ಮನೆಗಳಲ್ಲಿ ಚಪಾತಿ ಲಟ್ಟಿಸಿ ಲಟ್ಟಿಸಿ ಹೆಗಲು ಸೋತಿದ್ದ ಶಿವಕುಮಾರಿ, ಹತ್ತನೆಯ ತರಗತಿ ಪಾಸಾದವಳು, ನಾನು ಬರುತ್ತೇನೆ ಎಂದಿದ್ದಳು. ಇವತ್ತಿನದು ಪರೀಕ್ಷೆ. ಸಂಸ್ಥೆಯ ಧಾತ್ರಿ ಬಂದು ಕೂತು ನೋಡುತ್ತಾಳೆ. ಯೋಜನೆ ನಡೆದರೆ ತಿಂಗಳ ಸಂಬಳ, ನಡೆಯದಿದ್ದರೆ ಮತ್ತೆ ಲಟ್ಟಣಿಗೆ.

ಅವಳ ತಳಮಳಕ್ಕೆ ಇನ್ನೊಂದು ಕಾರಣವಿತ್ತು. ವಹಿಯಲ್ಲಿ ಪ್ರತಿಯೊಬ್ಬಳ ಹೆಸರಿನ ಮುಂದೆ ಗಂಡನ ಹೆಸರಿದೆ. ಅವಳ ಗಂಡ ಭಿವಂಡಿಯಲ್ಲಿ ಬೇರೆ ಸಂಸಾರ ಹೂಡಿ ನಾಲ್ಕು ವರ್ಷವಾಯಿತು. ಅಂದಿನಿಂದ ಚಾಳಿನಲ್ಲಿ ಅವಳೆದುರು ಆ ಹೆಸರನ್ನು ಯಾರೂ ಎತ್ತಿಲ್ಲ. ಎತ್ತಕೂಡದೆಂದು ಗಟ್ಟಿನ ಅಧ್ಯಕ್ಷೆ ಭಾಗವ್ವ ಕಟ್ಟಪ್ಪಣೆ ಮಾಡಿದ್ದಳು. ಶಿವಕುಮಾರಿಯ ಸಾಲು ಪುಟದ ಕಟ್ಟಕಡೆಗೆ. ಅಲ್ಲಿಗೆ ಬರುವಷ್ಟರಲ್ಲಿ ನಲ್ಲಿಗೆ ನೀರು ಬಂದು ಎಲ್ಲರೂ ಎದ್ದು ಓಡಿದರೆ ಸಾಕೆಂದು ಅವಳು ಒಳಗೊಳಗೇ ಆಸೆಪಟ್ಟಿದ್ದಳು.

ಹೆಂಗಸರು ಬಂದರು. ಧಾತ್ರಿಯೂ ಬಂದಳು. ಮೈಸೂರು ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡವನ್ನು ಎಡವಿ ಎಡವಿ ಆಡುವವಳು. “ಶಿವಕುಮಾರಿ ಅವ್ರೇ, ನಾನು ಮಧ್ಯದಲ್ಲಿ ಮಾತಾಡಲ್ಲ. ನೀವೇ ಪೂರಾ ಮಾಡಿ, ಹಾಂ?” ಎಂದು ಮೂಲೆಯಲ್ಲಿ ಕೂತಳು.

ಫೋಟೋದ ಪಾಠ ಸಲೀಸಾಗಿ ಹೋಯಿತು. ಒಬ್ಬಳ ತಲೆಯ ನೆರಳು ಪುಟದ ಮೇಲೆ ಬಿತ್ತು, ಇನ್ನೊಬ್ಬಳ ಹೆಬ್ಬೆರಳೇ ಫೋಟೋದಲ್ಲಿ ಮೂಡಿತು. ಎಲ್ಲರಿಗಿಂತ ಕಿರಿಯಳಾದ ಚಿಕ್ಕ ಚನ್ನವ್ವ ತೆಗೆದದ್ದು ಮಸುಕಾಯಿತು. “ಕೈ ಅಲುಗಾಡಿದ್ರ ಮಸುಕಾಕ್ಕೈತಿ. ಮೊಣಕೈ ಪಕ್ಕಿಗೆ ಒತ್ತಿ ಹಿಡಿ, ಉಸಿರು ಬಿಗಿ ಹಿಡಿ, ಆಮ್ಯಾಲ ಒತ್ತು,” ಎಂದು ಶಿವಕುಮಾರಿ ಅವಳಿಂದ ಮತ್ತೆ ತೆಗೆಸಿದಳು. ಈ ಸಲ ಅಕ್ಷರ ಅಚ್ಚುಕಟ್ಟಾಗಿ ಬಂತು.

ಶೀಟು ತುಂಬುವ ಹೊತ್ತಿಗೆ ದೊಡ್ಡ ಚನ್ನವ್ವ ತಕರಾರು ತೆಗೆದಳು. ಆ ತಿಂಗಳು ತಾನು ಇನ್ನೂರು ಕಟ್ಟಿದ್ದೆ, ವಹಿಯಲ್ಲಿ ನೂರು ಅಂತಿದೆ, ಇಲ್ಲಾದರೂ ಇನ್ನೂರು ಮಾಡು ಎಂದಳು. ಶಿವಕುಮಾರಿ ಗೋಡೆಯ ಹಾಳೆಗೆ ಬೆರಳು ತೋರಿಸಿದಳು. “ನಿನ್ನ ಮಾತು ಖರೆ ಇರಬಹುದು. ಆದ್ರ ಫೋಟೋದಾಗ ನೂರು ಐತಿ, ನೂರ ಬರೀಬೇಕು. ವಹಿ ತಪ್ಪಿದ್ರ ಮೀಟಿಂಗ್‌ನಾಗ ಠರಾವ್ ಮಾಡಿ, ಎಲ್ಲಾರೂ ಸಹಿ ಹಾಕಿ ತಿದ್ದಬೇಕು. ಇಲ್ಲಿ ಕುಂತು ಮನಸಿಗೆ ಬಂದಂಗ ತಿದ್ದಿದ್ರ ನಾಳೆ ಈ ಶೀಟನ್ನ ಯಾರು ನಂಬ್ತಾರ?” ದೊಡ್ಡ ಚನ್ನವ್ವ ಮುಖ ಊದಿಸಿಕೊಂಡು ಕೂತಳು. ಮೂಲೆಯಲ್ಲಿ ಧಾತ್ರಿ ತಲೆಯಾಡಿಸಿದ್ದು ಕಂಡು ಶಿವಕುಮಾರಿಗೆ ಜೀವದಲ್ಲಿ ಜೀವ ಬಂತು.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಎಲ್ಲರೂ ಕಲಿಯಲೆಂದು ಪ್ರತಿಯೊಬ್ಬಳೂ ತನ್ನ ಸಾಲನ್ನು ತಾನೇ ಮೈಕಿಗೆ ಹೇಳಬೇಕೆಂದು ಯೋಜನೆಯಲ್ಲಿತ್ತು. ಟ್ಯಾಬಿನ ಮೈಕ್ ಒತ್ತಿ ಮಾತಾಡಿದರೆ ಅಕ್ಷರ ತಾನೇ ಮೂಡುತ್ತದೆ. ಬರೆಯಲು ಬಾರದವರಿಗೂ ಅನುಕೂಲ. ಮೊದಲು ಭಾಗವ್ವನ ಸರದಿ. ಹೆಸರು ಹೇಳಿದಳು, ಮೂಡಿತು. ಮುಂದಿನ ಖಾನೆ ಗಂಡನ ಹೆಸರಿನದು. ಭಾಗವ್ವ ಸೆರಗು ಬಾಯಿಗೆ ಹಿಡಿದಳು.

“ಹೇಳ್ರಿ ದೊಡ್ಡವ್ವಾ,” ಎಂದು ಶಿವಕುಮಾರಿ ಭಾಗವ್ವನನ್ನು ಒತ್ತಾಯಿಸಿದಳು.

“ಅದೆಂಗ ಹೇಳಲೇ ಶಿವು? ಮದುವ್ಯಾದಾಗಿಂದ ಅವರ ಹೆಸರು ಬಾಯಿಲೆ ಅಂದಾಕಿ ಅಲ್ಲ ನಾ.”

ಶಿವಕುಮಾರಿ ಹಣೆ ಹಣೆ ಬಡಿದುಕೊಳ್ಳುವುದೊಂದು ಬಾಕಿ. ನಾಲ್ಕು ದಿನ ನಿದ್ದೆಗೆಟ್ಟು ಯೋಜನೆ ಬರೆದವಳಿಗೆ ಇದು ಹೊಳೆಯಲೇ ಇಲ್ಲವಲ್ಲ! ಹೊರಗಿನವಳಾಗಿದ್ದರೆ ಮಾತು ಬೇರೆ. ತಾನೂ ಬಾಗಲಕೋಟೆಯ ಕಡೆಯವಳೇ, ಗಂಡ ಜೊತೆಗಿದ್ದಷ್ಟು ದಿನ ತಾನೂ ‘ಅವರು’ ಎಂದೇ ಕರೆದವಳು.

“ಒಡಪು ಹಾಕಿ ಹೇಳ್ರಿ ಅತ್ತಿ!” ಎಂದು ಯಾರೋ ಕೂಗಿದರು. ಒಡಪಿನಲ್ಲಿ ಪ್ರಾಸಕಟ್ಟಿ ಹೇಳಿದರೆ ಗಂಡನ ಹೆಸರೆತ್ತಿದ ದೋಷವಿಲ್ಲ. ಭಾಗವ್ವನ ಮುಖ ಅರಳಿತು. ಶಿವಕುಮಾರಿ ತಡೆಯುವಷ್ಟರಲ್ಲಿ ಮೈಕಿನತ್ತ ಬಾಗಿ ರಾಗ ಎಳೆದೇ ಬಿಟ್ಟಳು: “ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ, ರಾಮಪ್ಪ ನಕ್ಕರ ಮನಿ ತುಂಬ ಅಕ್ಕರಿ!”

ಟ್ಯಾಬು ಅಷ್ಟನ್ನೂ ಗಂಡನ ಹೆಸರಿನ ಖಾನೆಯೊಳಗೆ ತುರುಕಿತು. ಬಟ್ಟಲು, ಬೆಣ್ಣೆ, ಸಕ್ಕರೆ ಎಲ್ಲವೂ ಸಾಲಾಗಿ ಕೂತವು. ಕೋಣೆಯಲ್ಲಿ ನಗು ಭೋರ್ಗರೆಯಿತು. ಆಮೇಲೆ ಕೇಳಬೇಕೆ? ನಾನೊಂದು, ನೀನೊಂದು ಎಂದು ಒಡಪುಗಳು ಹೊರಬಿದ್ದವು. ತರಬೇತಿ ಹೋಗಿ ಸೀಮಂತದ ಮನೆಯಾಯಿತು. ಶಿವಕುಮಾರಿ ಅಳಿಸಿದಳು, ಅಳಿಸಿದಳು, ಅಳಿಸುತ್ತಲೇ ಇದ್ದಳು. ಧಾತ್ರಿ ಗಡಿಯಾರ ನೋಡಿದ್ದನ್ನು ಕಣ್ಣಂಚಿನಲ್ಲಿ ಕಂಡಳು. ಸಂಬಳ ಕೈತಪ್ಪಿತು ಎಂದುಕೊಂಡಳು. ಸಿಟ್ಟು ಬಂತು, ಅಳುವೂ ಬಂತು. ಎದ್ದು ಬಾಗಿಲಿಗೆ ಹೋದಳು, ತಿರುಗಿ ಬಂದಳು.

ತಿರುಗಿ ಬರುವ ಆ ಎರಡು ಹೆಜ್ಜೆಯಲ್ಲೇ ಅವಳಿಗೆ ಹೊಳೆಯಿತು. ಸ್ಕೆಚ್ ಪೆನ್ನು ತೆಗೆದುಕೊಂಡು ಹಾಳೆಯ ಮೇಲಿನ ‘ತನ್ನ ಸಾಲು’ ಎಂಬುದನ್ನು ಹೊಡೆದುಹಾಕಿ ‘ಪಕ್ಕದವಳ ಸಾಲು’ ಎಂದು ಬರೆದಳು.

“ಕೇಳ್ರಿ ಎಲ್ಲಾರೂ. ನಿಮ್ಮ ಗಂಡನ ಹೆಸರು ನೀವು ಹೇಳಬ್ಯಾಡ್ರಿ, ಪಕ್ಕದಾಕಿ ಹೇಳ್ತಾಳ. ಆಕಿ ಗಂಡಂದು ನೀವು ಹೇಳ್ರಿ. ಅದಕ್ಕೇನು ನಾಚಿಕಿ?”

ಅದಕ್ಕೇನೂ ನಾಚಿಕೆ ಇರಲಿಲ್ಲ. ಚಿಕ್ಕ ಚನ್ನವ್ವ ‘ರಾಮಪ್ಪ’ ಎಂದಳು, ದೊಡ್ಡ ಚನ್ನವ್ವ ‘ಶ್ರೀಶೈಲ’ ಎಂದಳು, ಇನ್ನೊಬ್ಬಳು ‘ಅನಿಲ’ ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದಳು. ಪಕ್ಕದವಳ ದುಡ್ಡಿನ ಮೇಲೆ ಎಲ್ಲರ ಕಣ್ಣೂ ಚುರುಕಾಗಿರುವುದರಿಂದ ಅಂಕಿಯ ತಪ್ಪೂ ಆಗಲಿಲ್ಲ. ಸಾಲುಗಳು ಸರಸರನೆ ತುಂಬಿದವು. ತುಂಬುತ್ತ ತುಂಬುತ್ತ ಪುಟದ ಕೊನೆಗೆ ಬಂದವು. ನೀರು ಮಾತ್ರ ಬರಲಿಲ್ಲ.

ಕಡೆಯ ಸಾಲು ಓದುವ ಪಾಳಿ ಸುತ್ತು ಹಾಕಿ ಭಾಗವ್ವನಿಗೇ ಬಂತು. ಅವಳು “ಶಿವಕುಮಾರಿ” ಎಂದಳು. ಮುಂದಿನದನ್ನು ಕಣ್ಣಲ್ಲಿ ಓದಿ ಬಾಯಿ ಮುಚ್ಚಿಕೊಂಡಳು. ಈ ಸಲ ಯಾರೂ ನಗಲಿಲ್ಲ.

“ಅದೊಂದು ಬಿಟ್ಟು ಮುಂದ ಹೋಗೂಣ ಬಿಡಕ್ಕ,” ಎಂದು ಚಿಕ್ಕ ಚನ್ನವ್ವ ಖಾನೆಯನ್ನು ಖಾಲಿ ಬಿಟ್ಟಳು. ಶೀಟು ಒಪ್ಪಲಿಲ್ಲ, ಖಾನೆ ಕೆಂಪಗಾಯಿತು. ಅವಳು ಮೇಲಿನ ತಲೆಬರಹ ಓದಿ ದನಿ ತಗ್ಗಿಸಿದಳು. “ಗಂಡ ಇಲ್ಲಾ ತಂದಿ ಹೆಸರು ಅಂತ ಐತ್ಯಕ್ಕ. ನಿಮ್ಮ ಅಪ್ಪಂದು ಹಾಕ್ಲ್ಯಾ?”

ಹಾಕು ಎಂಬ ಮಾತು ಶಿವಕುಮಾರಿಯ ನಾಲಿಗೆಯ ತುದಿಗೆ ಬಂದಿತ್ತು. ಧಾತ್ರಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು, ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ದೊಡ್ಡ ಚನ್ನವ್ವ ಶಿವಕುಮಾರಿಯನ್ನೇ ನೋಡುತ್ತಿದ್ದಳು. ನೂರು ರೂಪಾಯಿ ಬಿಟ್ಟುಕೊಟ್ಟು ಮುಖ ಊದಿಸಿಕೊಂಡು ಕೂತವಳು. ಅವಳ ತಲೆಯ ಮೇಲೆ ಗೋಡೆಯ ಹಾಳೆ, ಅದರ ಬುಡದಲ್ಲಿ ತನ್ನದೇ ದಪ್ಪ ಅಕ್ಷರ.

ಶಿವಕುಮಾರಿ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡು ಮೈಕ್ ಒತ್ತಿದಳು. “ದೇವಾನಂದ,” ಎಂದಳು. ಒಡಪಿಲ್ಲ, ಪ್ರಾಸವಿಲ್ಲ. ಟ್ಯಾಬು ದೇವಾನಂದ ಎಂದು ಬರೆದುಕೊಂಡಿತು, ಖಾನೆಯ ಕೆಂಪು ಹೋಯಿತು. ಅಷ್ಟೇ. ನಾಲ್ಕು ವರ್ಷ ಈ ನಾಲ್ಕಕ್ಷರಕ್ಕೆ ಹೆದರಿ ಹಾದಿ ಬದಲಿಸಿ ಓಡಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು. ಕೋಪದ ಹಿಂದೆಯೇ ದುಃಖವೂ ಬಂತು. ಅದನ್ನು ನುಂಗಿ ಉಳಿತಾಯದ ಅಂಕಿ ಹೇಳಿದಳು.

ತಾಳೆ ನೋಡಿದರು. ಶೀಟಿನ ಮೊತ್ತ, ವಹಿಯ ಮೊತ್ತ ಎರಡೂ ಒಂದೇ. ಧಾತ್ರಿ ಎದ್ದು ಬಂದು, “ಸೋಮವಾರದಿಂದ ವಿಕ್ರೋಳಿ ಗಟ್ ಶುರು ಮಾಡ್ತೀರಾ? ಪಕ್ಕದವಳ ಸಾಲು ಅಂತ ಮೊದಲೇ ಬರ್ಕೊಂಡು ಹೋಗಿ,” ಎಂದಳು. ಶಿವಕುಮಾರಿ ಹ್ಞೂಂ ಎಂದು ತಲೆಯಾಡಿಸಿದಳು.

ಹೆಂಗಸರು ಏಳತೊಡಗಿದಾಗ ದೊಡ್ಡ ಚನ್ನವ್ವ, “ಕುಂದರ್ರಿ ಎಲ್ಲಾ!” ಎಂದು ಗದರಿದಳು. “ವಹಿ ತಪ್ಪಿದ್ರ ಮೀಟಿಂಗ್‌ನಾಗ ತಿದ್ದಬೇಕಂತ ಈಕೀನ ಹೇಳ್ಯಾಳ. ಎಲ್ಲಾರೂ ಅದೀವಿ, ಇದ ಮೀಟಿಂಗು. ನನ್ನ ನೂರು ರೂಪಾಯಿ ಮುಂದಿನ ವಾರ ನೋಡೂಣ. ಮೊದಲ ಈಕಿದು.”

ಭಾಗವ್ವ ಆಗಲೇ ಠರಾವಿನ ಪುಸ್ತಕ ಬಿಚ್ಚಿದ್ದಳು. “ಏನಂತ ಬರೀಲಿ ಶಿವು?”

“ಇನ್ನ ಮ್ಯಾಲ ಶಿವಕುಮಾರಿ, ತಂದಿ ಸಂಗನಬಸಪ್ಪ, ಅಂತ ಬರೀರಿ ದೊಡ್ಡವ್ವಾ.” ಅಪ್ಪನ ಹೆಸರು ಹೇಳಲು ಅವಳಿಗೆ ಎಂದೂ ನಾಚಿಕೆಯಾಗಿರಲಿಲ್ಲ.

ಭಾಗವ್ವ ಒಂದೊಂದೇ ಅಕ್ಷರ ತಿದ್ದಿ ತೀಡಿ ಬರೆದಳು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅಷ್ಟರಲ್ಲಿ ಗಲ್ಲಿಯಿಂದ “ಪಾಣಿ ಆಲಂ ರೇ!” ಎಂದು ನಲ್ಲಿಗೆ ನೀರು ಬಂದ ಕೂಗು ಕೇಳಿಸಿತು. ಕೊಡಗಳ ಸದ್ದಾಯಿತು. ಯಾರೂ ಏಳಲಿಲ್ಲ.

“ಇದರ ಫೋಟೋನೂ ಬೇಕಲ್ಲ,” ಎಂದು ಶಿವಕುಮಾರಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿಸಿ ಮೊಬೈಲ್ ಎತ್ತಿದಳು. ತೆಗೆದದ್ದು ಮಸುಕಾಯಿತು. ಮತ್ತೆ ತೆಗೆದಳು, ಮತ್ತೂ ಮಸುಕು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಎತ್ತಿದಾಗ ಚಿಕ್ಕ ಚನ್ನವ್ವ ಅವಳ ಕೈಯಿಂದ ಮೊಬೈಲನ್ನು ಮೆಲ್ಲಗೆ ತೆಗೆದುಕೊಂಡಳು.

“ಕೈ ಅಲುಗಾಡಿದ್ರ ಮಸುಕಾಕ್ಕೈತಿ ಅಂತ ನೀವ ಹೇಳಿದ್ರಿ. ಕೊಡ್ರಿಲ್ಲೆ ಅಕ್ಕಾ, ನಾ ತೆಗೀತೀನಿ.”

ಅವಳು ಮೊಣಕೈ ಪಕ್ಕೆಗೆ ಒತ್ತಿ ಹಿಡಿದಳು, ಉಸಿರು ಬಿಗಿಹಿಡಿದಳು, ನಾಲ್ಕೂ ಮೂಲೆ ನೋಡಿಕೊಂಡು ಒತ್ತಿದಳು. ಶಿವಕುಮಾರಿ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಿದ್ದಳು, ಸುಮ್ಮನೆ.