ಇಪ್ಪತ್ಮೂರಿಂಚು ಮೂರು ನೂಲು

ಆದೋನಿಯಲ್ಲಿ ನಮ್ಮದು ಗಾಜು ಮತ್ತು ಅಲ್ಯೂಮಿನಿಯಂ ಕೆಲಸದ ಸಣ್ಣ ಅಂಗಡಿ. ಮನೆಮನೆಗೆ ಹೋಗಿ ಅಳತೆ ತೆಗೆಯುವುದು, ಚೌಕಟ್ಟು ಕೊಯ್ದು ಜೋಡಿಸುವುದು ನನ್ನ ಗಂಡನ ಕೆಲಸ. ಅವರು ತಂದ ಅಳತೆಗಳನ್ನು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ಏರಿಸಿ, ಗಾಜಿನ ಆರ್ಡರು ಕಳಿಸುವುದು ನನ್ನದು.

ಗಾಜಿನವರ ಲೆಕ್ಕದಲ್ಲಿ ಒಂದು ಇಂಚಿಗೆ ಎಂಟು ನೂಲು. ಟೇಪಿನ ಮೇಲಿರುವ ಅತಿ ಸಣ್ಣ ಗೀಟುಗಳನ್ನು ಬಿಟ್ಟರೆ ಅದೇ ನಮ್ಮ ಕೈಗೆ ಸಿಗುವ ಕೊನೆಯ ಅಳತೆ. ಮೂರು ನೂಲು ಎಂದರೆ ಎಂಟರಲ್ಲಿ ಮೂರು ಪಾಲು. ಹೊಸದರಲ್ಲಿ ನಾನು ಹಾಳೆಯಲ್ಲಿ 3/8 ಎಂದು ಹೊಡೆದರೆ ಅದು ಆಗಸ್ಟ್ ಮೂರನೇ ತಾರೀಖಾಗಿ ಕೂತುಬಿಡುತ್ತಿತ್ತು. ಮೊದಲು ಸೊನ್ನೆ, ಆಮೇಲೆ ಒಂದು ಖಾಲಿ ಜಾಗ, ಆಮೇಲೆ 3/8 ಎಂದು ಹೊಡೆಯಬೇಕು ಅಂತ ತಿಳಿಯಲು ಸಾಕಷ್ಟು ತಿಣುಕಾಡಿದೆ. ತಾರೀಖಿನ ಕಾಟ ಬೇಡವೆಂದು ಕೆಲವು ದಿನ 0.375 ಎಂದು ಹಾಕಿದೆ. ನನ್ನ ಗಂಡ ಹಾಳೆ ನೋಡಿ, "ಟೇಪಿನಾಗ ಪಾಯಿಂಟ್ ಎಲ್ಲೈತಿ? ನನಗ ನೂಲು ಬೇಕು," ಎಂದರು. ಆಗ ಅಂಕಣವನ್ನೆಲ್ಲ ಭಿನ್ನರಾಶಿಯ ಫಾರ್ಮ್ಯಾಟಿಗೆ, ಅದರಲ್ಲೂ ಎಂಟನೇ ಪಾಲುಗಳಿಗೆ ಬದಲಾಯಿಸಿದೆ. ಅರ್ಧ ಇಂಚು 4/8 ಎಂದೂ, ಕಾಲು ಇಂಚು 2/8 ಎಂದೂ ಕಾಣತೊಡಗಿತು. ಓದಿದ ಹಾಗೆಯೇ ನೂಲು ಎಣಿಸಬಹುದು. ಅವರಿಗೆ ಸಮಾಧಾನವಾಯಿತು, ನನಗೂ.

ಪೆದ್ದಹರಿವಾಣಂನಿಂದ ಒಬ್ಬ ಆಟೋ ಓಡಿಸುವ ಹುಡುಗ ನಮ್ಮ ಅಂಗಡಿಗೆ ಬಂದದ್ದು ಹತ್ತಿ ಬರುವ ಕಾಲಕ್ಕೆ ಸ್ವಲ್ಪ ಮುಂಚೆ. ಹುಡುಗ ಎಂದರೂ ಮದುವೆಯಾದವನು, ಒಂದು ಮಗುವಿನ ತಂದೆ. ಅವನ ತಾಯಿ ವರ್ಷಗಟ್ಟಲೆ ಆದೋನಿಯ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಗಿರಣಿಯಲ್ಲಿ, ಕೆಲಸ ಮಾಡಿದವಳು. ಈಗ ಆಕೆಗೆ ಉಸಿರಿನ ತೊಂದರೆ. ದೂಳು ಸೋಕಬಾರದು ಅಂತ ಡಾಕ್ಟರು ಹೇಳಿದ್ದರು. ಅವರ ಮನೆಯೋ ರಸ್ತೆಗೆ ಮುಖ ಮಾಡಿಕೊಂಡಿತ್ತು. ಹತ್ತಿ ತುಂಬಿದ ಲಾರಿಗಳು ಆ ರಸ್ತೆಯಲ್ಲೇ ಆದೋನಿಗೆ ಬರುವುದು.

"ಕಿಟಕಿ ಮುಚ್ಚಿದ್ರ ಅಮ್ಮಗ ಕತ್ತಲಾಗತೈತಿ, ತೆರೆದ್ರ ದೂಳು. ಪೂರ್ತಿ ಗಾಜು ಹಾಕಿಬಿಡ್ರಿ ಅಣ್ಣ," ಎಂದ. ನನ್ನ ಕಡೆ ತಿರುಗಿ, ಆ ಕಡೆಯ ತೆಲುಗಿನ ರೂಢಿಯಂತೆ ಅತ್ತಿಗೆ ಎನ್ನುವ ಬದಲು, "ವದಿನಾ, ನೀವಾರ ಸ್ವಲ್ಪ ಜಲ್ದಿ ಮಾಡಿಸ್ರಿ. ಲಾರಿ ಶುರುವಾಗೋದರೊಳಗ ಆಗಬೇಕು," ಎಂದ.

ರಸ್ತೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಲಾರಿಯ ಗಾಲಿಯಿಂದ ಕಲ್ಲು ಸಿಡಿಯುತ್ತದೆ. ಹಾಗಾಗಿ ಟಫನ್ ಗಾಜೇ ಆಗಬೇಕು ಅಂತ ನನ್ನ ಗಂಡ ತೀರ್ಮಾನಿಸಿದರು. ಅದನ್ನು ಮೊದಲು ಅಳತೆಗೆ ಕೊಯ್ದು, ಆಮೇಲೆ ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ; ಒಡೆದರೂ ಚೂಪು ಚೂರಾಗದೆ ಹರಳಾಗಿ ಉದುರುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಕೊಯ್ಯಲಾಗದು, ಅಂಚು ಉಜ್ಜಿ ಚಿಕ್ಕದು ಮಾಡಲಾಗದು, ತೂತು ಹಾಕಲಾಗದು. ಅದನ್ನು ಮಾಡುವ ಕುಲುಮೆ ನಮ್ಮಲ್ಲಿಲ್ಲ; ಬಳ್ಳಾರಿಯ ಒಂದು ಕಾರ್ಖಾನೆಗೆ ಕಳಿಸಬೇಕು.

ಗಾಜಿನ ಅಳತೆ ತೆಗೆಯುವ ದಿನ ನಾನೂ ಹೋಗಿದ್ದೆ. ಮಂಚದ ಮೇಲೆ ಒರಗಿ ಕೂತಿದ್ದ ಆ ತಾಯಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಗಾಜು ಬಂದ್ರ ರಸ್ತಿ ಕಾಣತೈತೇನವ್ವ?"

"ಪೂರಾ ಕಾಣತೈತಿ ಅಮ್ಮ."

"ಹಂಗಿದ್ರ ಸಾಕು. ಗ್ವಾಡಿ ನೋಡಿ ನೋಡಿ ಸಾಕಾಗೇತಿ."

ಚೌಕಟ್ಟನ್ನು ಗೋಡೆಗೆ ಕೂರಿಸಿ, ಕೆಳಗೆ ಕಲ್ಲು ಹಾಸಿ, ಸುತ್ತ ಗಾರೆ ಮಾಡಿಯಾಗಿತ್ತು. ಕಿಟಕಿಗೆ ಮೂರು ಕಣ್ಣು, ಮೂರೂ ಒಂದೇ ಅಳತೆ. ಗಾಜಿಗೆ ಬೇಕಾದ ಸಡಿಲವನ್ನು ಕಳೆದು ನನ್ನ ಗಂಡ ಹೇಳಿದರು: ಎತ್ತರ ನಲವತ್ತೊಂದೂವರೆ, ಅಗಲ ಇಪ್ಪತ್ಮೂರಿಂಚು ಮೂರು ನೂಲು.

ಕಾರ್ಖಾನೆಯವರು ಆರ್ಡರಿಗೆಂದು ತಮ್ಮದೇ ಒಂದು ಹಾಳೆ ಕಳಿಸಿದ್ದರು. ಅಳತೆಗಳನ್ನು ಅದರಲ್ಲೇ ತುಂಬಿ ಕೊಡಬೇಕು. ಅಲ್ಲಿಯವರೆಗೆ ನಾವು ಅವರಿಂದ ತರಿಸಿದ್ದು ದೊಡ್ಡ ಬಾಗಿಲ ಗಾಜುಗಳು. ಅವೆಲ್ಲ ಅರ್ಧ, ಕಾಲು ಇಂಚಿನ ಲೆಕ್ಕದವು. ನೂಲಿನವರೆಗೆ ಹೋದ ಆರ್ಡರು ಇದೇ ಮೊದಲನೆಯದು. ನಾನು 41 1/2, 23 3/8 ಎಂದು ಹೊಡೆದು, ಉಳಿದ ಅಂಕಣ ತುಂಬಿ, ಪಿಡಿಎಫ್ ಮಾಡಿ ಕಳಿಸಿದೆ. ಎತ್ತರ 41 2/4 ಎಂದು ಕಾಣುತ್ತಿದ್ದದ್ದು ನೆನಪಿದೆ. ಎರಡು ಕಾಲು ಸೇರಿದರೆ ಅರ್ಧವೇ ತಾನೆ ಅಂದುಕೊಂಡೆ. ಅಗಲದಲ್ಲೂ ಅದೇ 2/4 ಕೂತಿದ್ದನ್ನು ಕಣ್ಣು ಗುರುತಿಸಲಿಲ್ಲ.

ಗಾಜು ಬಂದ ದಿನ ಆ ಹುಡುಗ ಆಟೋ ಓಡಿಸುವುದು ಬಿಟ್ಟು ಮನೆಯಲ್ಲೇ ಇದ್ದ. ಲಾರಿಗಳು ಆಗಲೇ ಓಡಾಡತೊಡಗಿದ್ದವು. ರಸ್ತೆಯ ಬದಿಯ ಜಾಲಿ ಗಿಡಗಳಿಗೆಲ್ಲ ಬಿಳಿ ಹತ್ತಿ ಸಿಕ್ಕಿಕೊಂಡಿತ್ತು. ಚೌಕಟ್ಟಿಗೆ ಕಟ್ಟಿದ್ದ ಹಳೆ ಸೀರೆಯನ್ನು ಬಿಚ್ಚಿ, ನನ್ನ ಗಂಡ ಮತ್ತು ಅವರ ಕೆಲಸಗಾರ ಮೊದಲ ಗಾಜನ್ನು ಎತ್ತಿ ಹಿಡಿದರು. ಮೇಲೆ ಕೂತಿತು, ಕೆಳಗೆ ಕೂತಿತು. ಒಂದು ಪಕ್ಕ ಒಳಗೆ ಹೋಗಲೇ ಇಲ್ಲ. ಇಳಿಸಿದರು. ಚೌಕಟ್ಟಿನ ಮೂಲೆಯ ಗಾರೆ ಕೆರೆದು ಮತ್ತೆ ಎತ್ತಿದರು. ಅಂಗೈ ಒತ್ತಿ ಮೆಲ್ಲಗೆ ಸರಿಸುವಾಗ ಅಂಚು ಚೌಕಟ್ಟಿಗೆ ತಗುಲಿತು; ಟಫನ್ ಗಾಜಿಗೆ ಅಂಚೇ ಸೂಕ್ಷ್ಮ.

ಒಂದು ಸದ್ದಾಯಿತು. ಪಟಾಕಿ ಹೊಡೆದ ಹಾಗೆ. ಗಾಜು ಇಡೀ ಪುಡಿಯಾಗಿ ಕಲ್ಲಿನ ಮೇಲೆ, ಮಂಚದ ಕೆಳಗೆ, ಎಲ್ಲ ಕಡೆ ಕಲ್ಲುಸಕ್ಕರೆಯಂತೆ ಹರಡಿತು. ಒಳಗಿನ ಕೋಣೆಗೆ ಕಳಿಸಿದ್ದ ತಾಯಿ ಗಾಬರಿಯಿಂದ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ. ಸೊಸೆ ಆಕೆಯ ಬೆನ್ನು ಸವರುತ್ತ ಕೂತಳು.

ನನ್ನ ಗಂಡ ಉಳಿದ ಎರಡು ಗಾಜಿಗೆ ಟೇಪು ಹಿಡಿದರು. ನನ್ನನ್ನು ನೋಡಿದರು. "ನಾಲ್ಕು ನೂಲು ಐತಿ," ಎಂದರು. "ಇಪ್ಪತ್ಮೂರೂವರೆ. ನೀ ಏನು ಹಾಕಿದ್ದಿ?"

"ಮೂರು ನೂಲೇ ಹಾಕಿನ್ರೀ."

ಫೋನಿನಲ್ಲಿದ್ದ ಪಿಡಿಎಫ್ ತೆಗೆದೆ. ಅಗಲ 23 2/4. ನಾನು ಹೊಡೆದದ್ದು ಹಾಗಲ್ಲ ಎಂದು ಗೊತ್ತಿತ್ತು, ಹೊಡೆದದ್ದು ಹಾಗೆ ಕಾಣುತ್ತಲೂ ಇತ್ತು.

ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಹಾಳೆ ತೆರೆದೆ. ಆ ಚೌಕದಲ್ಲಿ 23 2/4. ಚೌಕದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ 23.375. ಕಾರ್ಖಾನೆಯವರು ಆ ಅಂಕಣವನ್ನು ಕಾಲು ಪಾಲುಗಳ ಫಾರ್ಮ್ಯಾಟಿನಲ್ಲಿ ಇಟ್ಟಿದ್ದರು. ನಾನು ಕೊಟ್ಟ ಮೂರು ನೂಲು ಒಂದು ಕಾಲಿಗೂ ಎರಡು ಕಾಲಿಗೂ ಸರಿಯಾಗಿ ನಡುವೆ ಬರುತ್ತದೆ. ಹಾಳೆ ಅದನ್ನು ಮೇಲಕ್ಕೆ ದೂಡಿ ಎರಡು ಕಾಲು ಎಂದು ತೋರಿಸಿತ್ತು. ತೋರಿಸಿತ್ತು ಅಷ್ಟೆ, ಒಳಗೆ ಏನನ್ನೂ ಬದಲಿಸಿರಲಿಲ್ಲ. ಫಾರ್ಮ್ಯಾಟನ್ನು ಎಂಟನೇ ಪಾಲಿಗೆ ಬದಲಿಸಿದೆ. ಕಣ್ಣೆದುರಿಗೇ 23 3/8 ಬಂದು ನಿಂತಿತು. ಏನೂ ಆಗಿಯೇ ಇಲ್ಲವೇನೋ ಎಂಬಂತೆ. ಅದನ್ನು ನೋಡಿ ನನಗೆ ಅಳು ಬಂತು.

ಬಳ್ಳಾರಿಗೆ ಫೋನ್ ಮಾಡಿದೆ. ಆರ್ಡರು ನೋಡುವಾತ ಒರಟನಲ್ಲ, ಸಮಾಧಾನದಿಂದಲೇ ಮಾತಾಡಿದ.

"ಮೇಡಂ, ನೀವು ಕಳಿಸಿದ್ದು ಪಿಡಿಎಫ್. ಅದರಾಗ ಏನು ಕಾಣತೈತೋ ಅದನ್ನ ಕೊಯ್ದೀವಿ."

"ಆದ್ರ ಹಾಳ್ಯಾಗ ಸರಿ ಐತ್ರೀ. ಆ ಚೌಕದ ಮ್ಯಾಲ ಕ್ಲಿಕ್ ಮಾಡಿ ನೋಡ್ರಿ."

"ಪಿಡಿಎಫ್‌ದಾಗ ಏನ್ ಕ್ಲಿಕ್ ಮಾಡ್ಲಿ ಮೇಡಂ? ಕೊಯ್ಯೋವ್ನ ಕೈಯಾಗ ಕಾಗದ ಇರ್ತೈತಿ."

ಹೊಸದು ಯಾವಾಗ ಸಿಗುತ್ತದೆ ಎಂದು ಕೇಳಿದೆ. ಆ ದಪ್ಪದ ಗಾಜನ್ನು ಒಂದಷ್ಟು ಆರ್ಡರು ಕೂಡಿದ ಮೇಲೆ ಒಟ್ಟಿಗೆ ಕುಲುಮೆಗೆ ಹಾಕುತ್ತಾರಂತೆ. ಯಾವಾಗ ಅಂತ ಹೇಳಲಾಗದು. ನಾನು ಬೇಡಿಕೊಂಡೆ, ಮನೆಯಲ್ಲಿ ಉಸಿರಿನ ರೋಗಿ ಇದ್ದಾರೆ ಎಂದೆ. "ನೋಡ್ತೀನಿ ಮೇಡಂ," ಎಂದ. ಅವನ ದನಿಯಲ್ಲಿ ಮರುಕವಿತ್ತು, ಕುಲುಮೆ ಅವನ ಕೈಯಲ್ಲಿರಲಿಲ್ಲ.

ನನ್ನ ಗಂಡ ನನ್ನನ್ನು ಬೈಯಲಿಲ್ಲ. "ಏಂ ಚೇಸ್ತಾಂ," ಎಂದು ತೆಲುಗಿನಲ್ಲಿ ಅಂದು, ಏನು ಮಾಡೋಣ ಎನ್ನುವ ಆ ಮಾತನ್ನೇ ಇನ್ನೆರಡು ಸಲ ತಮಗೆ ತಾವೇ ಹೇಳಿಕೊಂಡರು. ತಾತ್ಕಾಲಿಕವಾಗಿ ಸಾದಾ ಗಾಜು ಕೊಯ್ದು ಹಾಕುತ್ತೇನೆಂದು ಅವರು ಹೋದರೆ, ಆ ಹುಡುಗ ಒಪ್ಪಲಿಲ್ಲ. ಅಮ್ಮನ ಮಂಚ ಕಿಟಕಿಗೆ ಒತ್ತಿಕೊಂಡೇ ಇದೆ, ಕಲ್ಲು ಬಿದ್ದು ಒಡೆದರೆ ಚೂರು ಮೈಮೇಲೆ ಎಂದ. ಅವನು ಹೇಳಿದ್ದು ಸರಿಯೇ. ಕೊನೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಬಂದರು. ಗಾಳಿಗೆ ಅದು ಪಟಪಟ ಬಡಿಯುತ್ತಿತ್ತು. ಅಂಟು ಬಿಟ್ಟ ಕಡೆಯೆಲ್ಲ ದೂಳು ನುಗ್ಗುತ್ತಿತ್ತು. ಆ ಹುಡುಗ ದಿನಾ ಬೆಳಿಗ್ಗೆ ಅಂಟುಟೇಪು ಹಚ್ಚುತ್ತಿದ್ದ, ಸಂಜೆಗೆ ಅದು ಕಿತ್ತು ಬರುತ್ತಿತ್ತು. ಹೊರಗಿನ ರಸ್ತೆ ಪ್ಲಾಸ್ಟಿಕ್ಕಿನಲ್ಲಿ ಬರೀ ಮಸುಕಾಗಿ ಕಾಣುತ್ತಿತ್ತಂತೆ.

ನಾನು ದಿನವೂ ಬಳ್ಳಾರಿಗೆ ಫೋನ್ ಮಾಡುತ್ತಿದ್ದೆ. ಒಮ್ಮೊಮ್ಮೆ ಎತ್ತುತ್ತಿದ್ದರು.

ಒಂದು ಮಧ್ಯಾಹ್ನ ಆ ಹುಡುಗ ಅಂಗಡಿಯ ಮುಂದೆ ಆಟೋ ನಿಲ್ಲಿಸಿದ. ಒಳಗೆ ತಾಯಿ ಸೊಸೆಯ ಹೆಗಲಿಗೆ ಒರಗಿದ್ದಳು. ತುಟಿ ನೀಲಿಗಟ್ಟಿತ್ತು.

"ಆದೋನಿ ಆಸ್ಪತ್ರ್ಯಾಗ ಕರ್ನೂಲಿಗೆ ಒಯ್ರಿ ಅಂದಾರ ವದಿನಾ. ಆಂಬುಲೆನ್ಸಿಗೆ ಇನ್ನೂ ಹೊತ್ತಾಗತೈತಂತ. ನಾನೇ ಹೊಂಟೀನಿ. ಗಾಜು ಬಂದ್ರ ಹಾಕಿ ಹೋಗ್ರಿ, ಕೀಲಿ ಪಕ್ಕದ ಮನ್ಯಾಗ ಕೊಟ್ಟೀನಿ."

ನಮ್ಮನ್ನು ಅವನು ದೂರಲಿಲ್ಲ. ಕೀಲಿ ಎಲ್ಲಿದೆ ಎಂದು ಹೇಳಲು ಮಾತ್ರ ನಿಂತಿದ್ದ. ಅಷ್ಟು ದೂರ ಆಟೋದಲ್ಲಿ ಬೇಡವೆಂದು ನನ್ನ ಗಂಡ ಪರಿಚಯದ ಒಂದು ಕಾರು ಕರೆಸಿ, ಆಕೆಯನ್ನು ಅದಕ್ಕೆ ಏರಿಸಿ ಕಳಿಸಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾವಿಬ್ಬರೂ ಬೀದಿಯಲ್ಲೇ ನಿಂತಿದ್ದೆವು. ಆಕೆಯ ರೋಗ ನಮ್ಮ ಗಾಜಿನಿಂದ ಬಂದದ್ದಲ್ಲ. ಗಾಜು ಹೊತ್ತಿಗೆ ಸರಿಯಾಗಿ ಕೂತಿದ್ದರೂ ಹೀಗೇ ಆಗುತ್ತಿತ್ತೇನೋ. ಆಗುತ್ತಿರಲಿಲ್ಲವೇನೋ. ಯಾರನ್ನು ಕೇಳುವುದು?

ಹೊಸ ಗಾಜು ಬಂದದ್ದು ಆಕೆ ಇನ್ನೂ ಕರ್ನೂಲಿನಲ್ಲಿದ್ದಾಗ. ಈ ಸಲ ಆರ್ಡರಿನಲ್ಲಿ ಅಂಕಿಗಳ ಪಕ್ಕದಲ್ಲೇ ಅಕ್ಷರದಲ್ಲೂ ಬರೆದಿದ್ದೆ, ಇಂಚು ಇಷ್ಟು, ನೂಲು ಇಷ್ಟು ಅಂತ. ಖಾಲಿ ಮನೆಯ ಬೀಗ ತೆಗೆದು, ಪ್ಲಾಸ್ಟಿಕ್ ಕಿತ್ತು, ಮೂರೂ ಗಾಜನ್ನು ಕೂರಿಸಿದರು. ಸಲೀಸಾಗಿ ಕೂತವು. ರಬ್ಬರು ಒತ್ತಿ ಮುಗಿಸಿದ ಮೇಲೆ ನಾನು ಮಂಚ, ಗೂಡು, ನೆಲ ಎಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಹಿಂಡಿದಾಗಲೆಲ್ಲ ಬಕೀಟಿನ ನೀರು ಕೆಂಪಾಗುತ್ತಿತ್ತು. ಮಂಚದ ಕಾಲಿನ ಸಂದಿಯಲ್ಲಿ ಒಡೆದ ಗಾಜಿನ ಹರಳುಗಳು ಇನ್ನೂ ಸಿಕ್ಕವು.

ಆಕೆ ಮನೆಗೆ ಬಂದಳೆಂದು ಕೇಳಿ ನೋಡಲು ಹೋದೆ. ಹೊರಗಿನಿಂದಲೇ ಕಂಡಳು. ಗಾಜಿನ ಆಚೆ ಮೊದಲಿಗಿಂತ ಅರ್ಧವಾಗಿದ್ದಳು, ಮೂಗಿಗೆ ಆಕ್ಸಿಜನ್ನಿನ ನಳಿಗೆ. ನನ್ನನ್ನು ನೋಡಿ ಏನೋ ಅಂದಳು, ಕೇಳಿಸಲಿಲ್ಲ. ಒಳಗೆ ಹೋಗಿ ಪಕ್ಕದಲ್ಲಿ ಕೂತೆ.

"ಚಲೋ ಕುಂತೈತಿ ನೋಡವ್ವ," ಎಂದು ಗಾಜಿನ ಮೇಲೆ ಬೆರಳಿಟ್ಟಳು. "ದೂಳು ಒಂದೀಟೂ ಬರಂಗಿಲ್ಲ."

"ಮೊದ್ಲೇ ಆಗಬೇಕಿತ್ತಮ್ಮ."

ಆಕೆ ತಲೆಯಾಡಿಸಿದಳು. ಉಸಿರು ಎಳೆದುಕೊಳ್ಳುವವರೆಗೆ ಕಾಯುವಂತೆ ಕೈ ಎತ್ತಿದಳು. ಆಮೇಲೆ ಎದೆ ಮುಟ್ಟಿಕೊಂಡು, "ಒಳಗ ಹೊಕ್ಕಿದ್ದು ಹೊಕ್ಕೇತಿ. ಅದು ಹೊರಗ ಬರಾಂಗಿಲ್ಲ ಅಂತ ಡಾಕ್ಟರು ಹೇಳ್ಯಾರ," ಎಂದಳು.

ಸೊಸೆ ಚಹಾ ತಂದಿಟ್ಟಳು. ಹೊರಗೆ ಒಂದು ಲಾರಿ ಹೋಯಿತು. ಸದ್ದು ದೂರದಲ್ಲೆಲ್ಲೋ ಎಂಬಂತೆ ಕೇಳಿತು. ಹಿಂದೆ ಎದ್ದ ಕೆಂಪು ದೂಳು ಗಾಜಿನವರೆಗೆ ಬಂದು, ಅಲ್ಲೇ ಕೆಳಗಿಳಿಯಿತು. ಆಕೆ ಅದನ್ನೇ ನೋಡುತ್ತಿದ್ದಳು. ನಾನೂ ಆಕೆಯ ಕೈ ಹಿಡಿದುಕೊಂಡು ನೋಡುತ್ತ ಕೂತೆ. ಚಹಾ ಆರಿಹೋಯಿತು.